ಸಿಮ್ ಬದಲಾಗುತ್ತಲೇ ಇದ್ದರೆ ಎರಡು ಹಂತದ ಲಾಗಿನ್‌ಗೆ ಯಾವ ನಂಬರ್?

ಪ್ರಶ್ನೆ: ಕೆಲಸದ ಮೇಲೆ ವರ್ಷಕ್ಕೆ ನಾಲ್ಕೈದು ಸಲ ಹೊರದೇಶಕ್ಕೆ ಹೋಗುತ್ತೇನೆ, ಹೋದಲ್ಲಿ ಅಲ್ಲಿನ ಸಿಮ್ ಹಾಕಿಕೊಳ್ಳುತ್ತೇನೆ. ಇಮೇಲ್, ಬ್ಯಾಂಕ್ ಎಲ್ಲ ಕಡೆಯೂ ಎರಡು ಹಂತದ ಲಾಗಿನ್‌ಗೆ ಫೋನ್ ನಂಬರ್ ಕೇಳುತ್ತಾರೆ. ನನ್ನ ಹಳೆಯ ನಂಬರ್ ಕೊಡಲೋ, ಸದ್ಯ ಕೈಯಲ್ಲಿರುವುದನ್ನು ಕೊಡಲೋ, ಅಥವಾ ಮನೆಯವರ ನಂಬರ್ ಕೊಟ್ಟರೆ ನಡೆಯುತ್ತದೆಯೋ?

ಉತ್ತರ: ನಿಮ್ಮ ಹಳೆಯ ನಂಬರನ್ನೇ ಕೊಡಿ. ಅದಕ್ಕೆ ಎರಡು ಷರತ್ತುಗಳಿವೆ: ಆ ಸಂಪರ್ಕವು ನಿಮ್ಮ ಹೆಸರಿನಲ್ಲಿಯೇ ಇರಬೇಕು, ಮತ್ತು ನೀವು ಹೊರಗಿರುವ ದಿನಗಳಲ್ಲಿಯೂ ಅದು ಚಾಲ್ತಿಯಲ್ಲಿರಬೇಕು. ಇವೆರಡೂ ನೆರವೇರುವುದಾದರೆ ಆ ನಂಬರಿನಿಂದ ನೀವು ಈಗ ಯಾರಿಗೂ ಕರೆ ಮಾಡುತ್ತಿಲ್ಲವೆಂಬುದು ಲೆಕ್ಕಕ್ಕೆ ಬರುವುದಿಲ್ಲ. ನಂಬರ್ ಆರಿಸುವಾಗ ನಾನು ಮೊದಲು ನೋಡುವುದು ಒಂದನ್ನೇ: ಫೋನ್ ಕಳೆದುಹೋದ ದಿನ, ಗುರುತಿನ ಚೀಟಿ ತೋರಿಸಿ ಯಾವ ನಂಬರಿನ ಸಿಮ್ಮನ್ನು ಮತ್ತೆ ಪಡೆಯಲು ಸಾಧ್ಯ? ನಿಲ್ದಾಣದ ಅಂಗಡಿಯಲ್ಲಿ ಎರಡು ವಾರಗಳ ಮಟ್ಟಿಗೆ ಕೊಂಡ ಸಿಮ್ ಈ ಪ್ರಶ್ನೆಯ ಮುಂದೆ ನಿಲ್ಲುವುದೇ ಇಲ್ಲ.

ಇದಕ್ಕೆ ಕಾರಣವಿದೆ. ಫೋನ್ ನಂಬರ್ ನಮ್ಮ ಸ್ವತ್ತು ಎಂದು ನಾವು ಭಾವಿಸಿದರೂ ಅದು ಬಾಡಿಗೆಯ ಮನೆಯಿದ್ದಂತೆ. ಬಾಡಿಗೆ ನಿಂತ ಮೇಲೆ ಕಂಪನಿ ಅದನ್ನು ಸ್ವಲ್ಪ ಕಾಲ ಖಾಲಿ ಇಟ್ಟು, ಆಮೇಲೆ ಬೇರೊಬ್ಬ ಗ್ರಾಹಕರಿಗೆ ಕೊಡುತ್ತದೆ. ಅಮೆರಿಕದ ನಿಯಮದಂತೆ ಈ ಅಂತರ ಕನಿಷ್ಠ 45 ದಿನ. ಇತರ ದೇಶಗಳಲ್ಲಿ ಇದು ಹೆಚ್ಚು ಕಡಿಮೆ ಇರುತ್ತದೆ. ಹೊಸ ಗ್ರಾಹಕರು ಕೆಟ್ಟವರೇ ಆಗಬೇಕೆಂದಿಲ್ಲ, ಆದರೆ ನಿಮ್ಮ ಕೋಡ್‌ಗಳು ಅವರ ಫೋನಿಗೆ ಹೋಗುತ್ತವೆ. 2021ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕದ ಎರಡು ದೊಡ್ಡ ಕಂಪನಿಗಳು ಹೊಸ ಗ್ರಾಹಕರಿಗೆಂದು ತೋರಿಸುತ್ತಿದ್ದ 259 ನಂಬರುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 171 ನಂಬರುಗಳು ಜನಪ್ರಿಯ ಜಾಲತಾಣಗಳಲ್ಲಿ ಯಾರದೋ ಖಾತೆಗೆ ಇನ್ನೂ ಜೋಡಿಸಲ್ಪಟ್ಟಿದ್ದವು. ಸಿಮ್ ಬಿಸಾಡಿದವರಲ್ಲಿ ಹೆಚ್ಚಿನವರು ಖಾತೆಯಿಂದ ನಂಬರ್ ತೆಗೆಯುವುದನ್ನು ಮರೆತಿದ್ದರು ಎಂದಷ್ಟೇ ಇದರಿಂದ ತಿಳಿಯಬೇಕು.

ಹಳೆಯ ನಂಬರನ್ನು ಕೊಟ್ಟರೆ ಹೊರದೇಶದಲ್ಲಿ ಕೋಡ್ ಬರುವುದಿಲ್ಲ ಎಂಬ ಅಂಜಿಕೆಯಿಂದಲೇ ಬಹಳ ಮಂದಿ ಅಲ್ಲಿನ ನಂಬರನ್ನು ನೋಂದಾಯಿಸುತ್ತಾರೆ. ಆದ್ದರಿಂದ ಎಸ್‌ಎಂಎಸ್ ನಿಮ್ಮನ್ನು ಹೇಗೆ ಹುಡುಕಿಕೊಂಡು ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಪರದೇಶದಲ್ಲಿ ಫೋನ್ ಆನ್ ಮಾಡಿದಾಗ ಅಲ್ಲಿನ ಜಾಲವು ನಿಮ್ಮ ಮೂಲ ಕಂಪನಿಗೆ, ಇಂಥ ಸಿಮ್ ಈಗ ನಮ್ಮಲ್ಲಿದೆ ಎಂದು ತಿಳಿಸುತ್ತದೆ, ಮತ್ತು ಮೂಲ ಕಂಪನಿ ಅದನ್ನು ತನ್ನ ದಾಖಲೆಯಲ್ಲಿ ಬರೆದುಕೊಳ್ಳುತ್ತದೆ. ಬ್ಯಾಂಕು ಕಳಿಸಿದ ಕೋಡ್ ಮೊದಲು ಮೂಲ ಕಂಪನಿಯನ್ನು ತಲುಪಿ, ಅಲ್ಲಿಂದ ಈ ದಾಖಲೆಯ ಜಾಡು ಹಿಡಿದು ನೀವಿರುವ ಜಾಲಕ್ಕೆ ಬರುತ್ತದೆ. ಇದಕ್ಕೆ ನಿಮ್ಮ ಸಿಮ್ಮಿನಲ್ಲಿ ಇಂಟರ್ನೆಟ್ ಬೇಕಾಗಿಲ್ಲ. ರೋಮಿಂಗ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸೌಲಭ್ಯಗಳಿರುವುದನ್ನು ಜನ ಗಮನಿಸುವುದಿಲ್ಲ: ಜಾಲಕ್ಕೆ ಸೇರಿಕೊಳ್ಳುವ ಅನುಮತಿ ಒಂದು, ಡೇಟಾ ಬಳಸುವ ಅನುಮತಿ ಇನ್ನೊಂದು. ದುಬಾರಿ ಬಿಲ್ ತರುವುದು ಬಹುಮಟ್ಟಿಗೆ ಎರಡನೆಯದು, ಕೋಡ್ ತರುವುದು ಮೊದಲನೆಯದು. ಫೋನಿನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ, ಆದರೆ ಆ ಸಿಮ್ಮನ್ನೇ ಆಫ್ ಮಾಡಬೇಡಿ. ಬರುವ ಎಸ್‌ಎಂಎಸ್‌ಗೆ ಶುಲ್ಕವಿದೆಯೇ ಎಂಬುದನ್ನು ನಿಮ್ಮ ಪ್ಲಾನಿನಲ್ಲಿ ಒಮ್ಮೆ ನೋಡಿಕೊಳ್ಳಿ. ಅನೇಕ ಕಂಪನಿಗಳಲ್ಲಿ ಅದು ಉಚಿತವಾಗಿರುತ್ತದೆ.

ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಇದೆಲ್ಲ ಸುಲಭ. ಹಳೆಯ ನಂಬರಿನ ಸಿಮ್ ಒಂದು ಜಾಗದಲ್ಲಿ ಕೋಡ್‌ಗೆಂದೇ ಕುಳಿತಿರಲಿ. ಇಂಟರ್ನೆಟ್‌ಗಾಗಿ ಪ್ರಯಾಣದ ಸಿಮ್ ಅಥವಾ ಇ-ಸಿಮ್ ಇನ್ನೊಂದು ಜಾಗದಲ್ಲಿರಲಿ, ಮತ್ತು ಸೆಟ್ಟಿಂಗ್ಸ್‌ನಲ್ಲಿ ಡೇಟಾಗೆ ಈ ಎರಡನೆಯದನ್ನೇ ಆರಿಸಿ. ಹಳೆಯ ನಂಬರಿನಲ್ಲಿ ವಾಯ್ಸ್‌ಮೇಲ್ ಇದ್ದರೆ ಹೊರಡುವ ಮೊದಲು ಅದನ್ನು ತೆಗೆಸಿಬಿಡಿ: ರೋಮಿಂಗ್‌ನಲ್ಲಿರುವ ಫೋನಿಗೆ ಬಂದ ಕರೆಯನ್ನು ನೀವು ಎತ್ತದಿದ್ದರೂ ಅದು ತಿರುಗಿ ಮೂಲ ದೇಶದ ವಾಯ್ಸ್‌ಮೇಲ್‌ಗೆ ಹೋಗಿ, ಬಂದದ್ದಕ್ಕೂ ಹೋದದ್ದಕ್ಕೂ ನಿಮ್ಮ ಲೆಕ್ಕದಲ್ಲಿಯೇ ಶುಲ್ಕ ಬೀಳುವ ಸಂದರ್ಭಗಳಿವೆ. ಒಂದು ಫೋನಿನಲ್ಲಿ ಎರಡು ಸಿಮ್ ಇದ್ದಾಗ, ಒಂದರಲ್ಲಿ ಮಾತನಾಡುತ್ತಿರುವಷ್ಟು ಹೊತ್ತು ಇನ್ನೊಂದು ಜಾಲದ ಕೈಗೆ ಸಿಗದಿರಬಹುದು ಎಂಬುದೂ ನೆನಪಿನಲ್ಲಿರಲಿ. ಸಹಾಯವಾಣಿಯವರೊಂದಿಗೆ ಮಾತನಾಡುತ್ತಲೇ ಅವರು ಕಳಿಸಿದ ಕೋಡ್‌ಗಾಗಿ ಕಾಯುವವರು, ಅದು ಬಾರದಿರಲು ಆ ಕರೆಯೇ ಕಾರಣವಾಗಿರಬಹುದೆಂದು ಯೋಚಿಸುವುದಿಲ್ಲ.

ವಿಮಾನ ಇಳಿದೊಡನೆ ನಡೆಯುವ ಒಂದು ಸಂಗತಿಯನ್ನು ಇಲ್ಲಿಯೇ ಹೇಳುವುದು ಒಳ್ಳೆಯದು, ಏಕೆಂದರೆ ನಂಬರ್ ಸರಿಯಿಲ್ಲ ಎಂಬ ದೂರುಗಳಲ್ಲಿ ಹಲವು ಇಲ್ಲಿಂದ ಹುಟ್ಟುತ್ತವೆ. ಫೋನ್ ಆನ್ ಆಗಿ ಜಾಲ ಸಿಕ್ಕಿ, ಮೂಲ ಕಂಪನಿಯ ದಾಖಲೆಯಲ್ಲಿ ಹೊಸ ವಿಳಾಸ ಕೂರುವುದಕ್ಕೆ ಕೆಲವು ನಿಮಿಷಗಳು ಬೇಕಾಗಬಹುದು. ಅಷ್ಟರಲ್ಲಿ ಅವಸರದಿಂದ ನೀವು ಲಾಗಿನ್ ಪುಟದಲ್ಲಿ ಕೋಡ್ ಕೇಳುತ್ತೀರಿ, ಬರುವುದಿಲ್ಲ, ಮತ್ತೆ ಕಳಿಸು ಎಂದು ಒತ್ತುತ್ತೀರಿ, ಅದೂ ಬರುವುದಿಲ್ಲ, ಮೂರನೆಯ ಸಲ ಒತ್ತುತ್ತೀರಿ. ತಲುಪದ ಸಂದೇಶಗಳನ್ನು ಕಂಪನಿಯ ಕೇಂದ್ರ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ, ಸ್ವಲ್ಪ ಹೊತ್ತಿನ ಮೇಲೆ ಮೂರೂ ಒಟ್ಟಿಗೆ ಬಂದಿಳಿಯುತ್ತವೆ, ಅದೂ ಕಳಿಸಿದ ಕ್ರಮದಲ್ಲಿಯೇ ಬರುತ್ತವೆಂಬ ಖಾತರಿಯಿಲ್ಲ. ಹೆಚ್ಚಿನ ತಾಣಗಳಲ್ಲಿ ಹೊಸ ಕೋಡ್ ಹೊರಟ ಕ್ಷಣವೇ ಹಿಂದಿನದು ರದ್ದಾಗುತ್ತದೆ. ಮೇಲೆ ಕಾಣುವ ಕೋಡನ್ನು ಹಾಕುತ್ತೀರಿ, ತಪ್ಪು ಎನ್ನುತ್ತದೆ. ಇನ್ನೊಂದನ್ನು ಹಾಕುತ್ತೀರಿ, ಅದೂ ತಪ್ಪು. ಆಮೇಲೆ ಖಾತೆಗೆ ತಾತ್ಕಾಲಿಕ ಬೀಗ ಬೀಳುತ್ತದೆ. ಮೊದಲು ಯಾರಿಂದಲಾದರೂ ಆ ನಂಬರಿಗೆ ಒಂದು ಸಾಮಾನ್ಯ ಎಸ್‌ಎಂಎಸ್ ತರಿಸಿಕೊಳ್ಳಿ, ಅದು ಬಂದ ಮೇಲೆ ಒಂದೇ ಸಲ ಕೋಡ್ ಕೇಳಿ. ಇಷ್ಟು ತಾಳ್ಮೆಯಿದ್ದರೆ ಅರ್ಧ ತೊಂದರೆ ಇರುವುದಿಲ್ಲ.

ಪ್ರಯಾಣಕ್ಕೆಂದು ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟು ಡೇಟಾಗೆ ಮಾತ್ರ ಇರುವಂಥವು. ಅವುಗಳಲ್ಲಿ ಎಸ್‌ಎಂಎಸ್ ಪಡೆಯುವ ನಂಬರೇ ಇರುವುದಿಲ್ಲವಾದ್ದರಿಂದ ಅವನ್ನು ನೋಂದಾಯಿಸುವ ಪ್ರಶ್ನೆಯೇ ಬರುವುದಿಲ್ಲ. ಇಂಟರ್ನೆಟ್ ಮೂಲಕ ಸಿಗುವ ನಂಬರುಗಳು ಮೇಲ್ನೋಟಕ್ಕೆ ನಿಮ್ಮಂಥವರಿಗೆ ಹೇಳಿ ಮಾಡಿಸಿದಂತಿವೆ, ಸಿಮ್ಮಿಗೂ ದೇಶಕ್ಕೂ ಅಂಟಿಕೊಂಡಿಲ್ಲ. ಆದರೆ ಅನೇಕ ಬ್ಯಾಂಕುಗಳು ಅಂಥ ನಂಬರನ್ನು ಗುರುತಿಸಿ ನಿರಾಕರಿಸುತ್ತವೆ, ಮತ್ತು ಐದಾರು ಅಂಕಿಗಳ ಕಿರುಸಂಖ್ಯೆಯಿಂದ ಹೊರಟ ಸಂದೇಶಗಳು ಅಲ್ಲಿಗೆ ಎಷ್ಟೋ ಸಲ ತಲುಪುವುದೇ ಇಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ, ಆ ನಂಬರನ್ನು ತೆರೆಯಲು ಇಮೇಲ್ ಬೇಕು, ಇಮೇಲ್ ತೆರೆಯಲು ಆ ನಂಬರಿನ ಕೋಡ್ ಬೇಕು. ಫೋನ್ ಹೋದ ದಿನ ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ.

ಮನೆಯವರ ನಂಬರ್ ಬಗ್ಗೆ ಕೇಳಿದ್ದೀರಿ. ಎರಡನೆಯ ನಂಬರಾಗಿ ಕೊಡಬಹುದು, ಮೊದಲನೆಯದಾಗಿ ಬೇಡ. ಅವರ ಫೋನಿಗೆ ಕೋಡ್ ಬಂದರೆ ಅದನ್ನು ಓದಿ ಹೇಳಲು ಅವರು ಆ ಹೊತ್ತಿಗೆ ಎಚ್ಚರವಾಗಿರಬೇಕು, ನಿಮ್ಮ ಧ್ವನಿಯನ್ನು ಗುರುತಿಸಬೇಕು, ಮತ್ತು ನಿಮ್ಮ ಹೆಸರು ಹೇಳಿಕೊಂಡು ಬೇರೆಯವರು ಸಂದೇಶ ಕಳಿಸಿ ಕೋಡ್ ಕೇಳಿದಾಗ ಕೊಡದಿರಬೇಕು. ಕೊನೆಯದನ್ನು ಮುಂಚೆಯೇ ಮಾತನಾಡಿಟ್ಟುಕೊಳ್ಳಿ: ನೇರವಾಗಿ ಕರೆ ಮಾಡಿ ಮಾತನಾಡಿದರೆ ಮಾತ್ರ ಹೇಳುವುದು ಎಂದು. ಬ್ಯಾಂಕಿನ ಖಾತೆಗೆ ಬೇರೆಯವರ ನಂಬರನ್ನು ಕೊಡುವುದನ್ನು ಹಲವು ಬ್ಯಾಂಕುಗಳ ನಿಯಮವೇ ಒಪ್ಪುವುದಿಲ್ಲ.

ನನ್ನ ಪರಿಚಿತರೊಬ್ಬರು ಹಡಗಿನಲ್ಲಿ ಎಂಜಿನಿಯರ್. ಅವರ ಪ್ರಕರಣದಲ್ಲಿ ಈ ವಿಷಯದ ಬಹುತೇಕ ಮಗ್ಗುಲುಗಳು ಒಟ್ಟಿಗೆ ಕಾಣಿಸಿಕೊಂಡವು. ಮೊದಲ ಸಲ ಹಡಗು ಹತ್ತಿದಾಗ ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿರಲಿಲ್ಲ. ಒಂದು ಬಂದರಿನಲ್ಲಿ ಇಮೇಲ್ ಕೋಡ್ ಬಾರದೆ ಪರದಾಡಿ, ಅಲ್ಲಿಯೇ ಕೊಂಡ ಪ್ರೀಪೇಯ್ಡ್ ಸಿಮ್ಮಿನ ನಂಬರನ್ನು ಇಮೇಲ್ ಖಾತೆಗೆ ಸೇರಿಸಿದರು. ಕೆಲಸದ ಅವಧಿ ಮುಗಿದು ಊರಿಗೆ ಬಂದ ಮೇಲೆ ಆ ಸಿಮ್ ಪೆಟ್ಟಿಗೆಯ ತಳ ಸೇರಿತು, ರೀಚಾರ್ಜ್ ಇಲ್ಲದೆ ಸಂಪರ್ಕ ನಿಂತಿತು. ಮರುವರ್ಷ ಹೊಸ ಫೋನಿನಲ್ಲಿ ಲಾಗಿನ್ ಆಗಲು ಹೋದರೆ, 47ರಿಂದ ಕೊನೆಗೊಳ್ಳುವ ನಂಬರಿಗೆ ಕೋಡ್ ಕಳಿಸಿದ್ದೇವೆ ಎಂದು ಪುಟ ಹೇಳುತ್ತಿತ್ತು. ಆ ನಂಬರಿಗೆ ಕರೆ ಮಾಡಿದಾಗ ಎತ್ತಿದವರು ಅಪರಿಚಿತರು.

ಅದೃಷ್ಟವಶಾತ್ ಮನೆಯ ಲ್ಯಾಪ್‌ಟಾಪ್‌ನಲ್ಲಿ ಆ ಇಮೇಲ್ ಲಾಗಿನ್ ಆಗಿಯೇ ಇತ್ತು, ಮತ್ತು ಭದ್ರತೆಯ ಪುಟ ತೆರೆದಾಗ ಪಾಸ್‌ವರ್ಡ್ ಮಾತ್ರ ಕೇಳಿತು. ಅವರು ತಕ್ಷಣ ಬಂದರಿನ ಆ ನಂಬರನ್ನು ಅಳಿಸಲು ಹೊರಟಿದ್ದರು, ನಾನು ತಡೆದೆ. ಮೊದಲು ಊರಿನ ನಂಬರನ್ನು ಸೇರಿಸಿ, ಅದಕ್ಕೆ ಬಂದ ಕೋಡನ್ನು ಹಾಕಿ ಖಚಿತಪಡಿಸಿಕೊಂಡೆವು. ಆಮೇಲೆ, ಫೋನ್ ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಪಡೆದುಕೊಂಡೆವು. ಗೂಗಲ್ ಖಾತೆಯಲ್ಲಿ ಇವು ಎಂಟೆಂಟು ಅಂಕಿಗಳ ಹತ್ತು ಕೋಡ್‌ಗಳು, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅವನ್ನು ಕಾಗದದಲ್ಲಿ ಮುದ್ರಿಸಿ ಒಂದು ಪ್ರತಿಯನ್ನು ಮನೆಯಲ್ಲಿ, ಒಂದನ್ನು ಪಾಸ್‌ಪೋರ್ಟ್ ಇಡುವ ಚೀಲದಲ್ಲಿ ಇಟ್ಟೆವು. ಅಪರಿಚಿತರ ಕೈಗೆ ಹೋದ ನಂಬರನ್ನು ಕೊನೆಗೆ ತೆಗೆದೆವು, ಅದೂ ಎರಡು ಕಡೆ. ಎರಡು ಹಂತದ ಲಾಗಿನ್ ಪುಟದಲ್ಲಿರುವ ನಂಬರ್ ಬೇರೆ, ಪಾಸ್‌ವರ್ಡ್ ಮರೆತಾಗ ಖಾತೆಯನ್ನು ಮರಳಿ ಪಡೆಯಲು ಕೊಟ್ಟ ನಂಬರ್ ಬೇರೆ. ಮೊದಲನೆಯದನ್ನು ತೆಗೆದು ಎರಡನೆಯದನ್ನು ಮರೆತರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ಗೂಗಲ್‌ನಲ್ಲಿ ಮರುಪಡೆಯುವ ನಂಬರನ್ನು ಬದಲಿಸಿದ ಮೇಲೂ ಏಳು ದಿನಗಳವರೆಗೆ ಹಳೆಯ ನಂಬರಿಗೆ ಕೋಡ್ ಕಳಿಸುವ ಆಯ್ಕೆ ಉಳಿದಿರಬಹುದು, ಆದ್ದರಿಂದ ಇದನ್ನೆಲ್ಲ ಹೊರಡುವ ಹಿಂದಿನ ರಾತ್ರಿ ಮಾಡುವುದು ಬೇಡ.

ಇನ್ನುಳಿದ ಖಾತೆಗಳಲ್ಲಿ ಯಾವುದಕ್ಕೆ ಯಾವ ನಂಬರ್ ಕೊಟ್ಟಿದ್ದರೆಂಬುದು ಅವರಿಗೆ ನೆನಪಿರಲಿಲ್ಲ. ಪಟ್ಟಿ ಅವರ ಹಳೆಯ ಫೋನಿನ ಎಸ್‌ಎಂಎಸ್ ಪೆಟ್ಟಿಗೆಯಲ್ಲಿಯೇ ಇತ್ತು: ಅಲ್ಲಿ `OTP`, `code`, `verification` ಎಂಬ ಪದಗಳನ್ನು ಒಂದೊಂದಾಗಿ ಹುಡುಕಿದಾಗ ಆ ನಂಬರಿಗೆ ಕೋಡ್ ಕಳಿಸಿದ ತಾಣಗಳೆಲ್ಲ ಹೊರಬಂದವು, ಒಟ್ಟು ಹದಿನಾಲ್ಕು. ನೀವೂ ಸಿಮ್ ಬಿಡುವ ಮೊದಲು ಹೀಗೆ ಹುಡುಕಿ. ಇಮೇಲನ್ನು ಮೊದಲು ಸರಿಪಡಿಸಿ, ಏಕೆಂದರೆ ಮಿಕ್ಕ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಅಲ್ಲಿಗೇ ಬರುತ್ತವೆ. ಅನಂತರ ಹಣದ ಖಾತೆಗಳು, ಆಮೇಲೆ ಉಳಿದವು. ಹೊರದೇಶದಲ್ಲಿ ಕುಳಿತು ಇದನ್ನು ಮಾಡುವವರು ದೇಶದ ಸಂಕೇತವನ್ನು ನೋಡಿಕೊಳ್ಳಬೇಕು. ಎಷ್ಟೋ ತಾಣಗಳು ನೀವು ಇರುವ ಜಾಗವನ್ನು ಊಹಿಸಿ ಆ ದೇಶದ ಸಂಕೇತವನ್ನು ತಾವೇ ತುಂಬಿಡುತ್ತವೆ. ಅದನ್ನು ಬದಲಿಸದೆ ನಿಮ್ಮ ಅಂಕಿಗಳನ್ನು ಬರೆದರೆ ಕೋಡ್ ಅಲ್ಲಿನ ಯಾರಿಗೋ ಹೋಗುತ್ತದೆ, ನೀವು ಸಿಮ್ಮನ್ನು ಬೈಯುತ್ತ ಕೂರುತ್ತೀರಿ.

ಮುಂದಿನ ಸಲ ಹಡಗು ಹತ್ತುವಾಗ ಅವರ ನಂಬರ್ ಸರಿಯಾಗಿತ್ತು, ರೋಮಿಂಗ್ ಕೂಡ ಇತ್ತು. ಆದರೆ ನಡುಸಮುದ್ರದಲ್ಲಿ ಮೊಬೈಲ್ ಟವರ್ ಇಲ್ಲ. ಹಡಗಿನ ಉಪಗ್ರಹ ವೈಫೈಯಲ್ಲಿ ಇಮೇಲ್ ಪುಟ ತೆರೆಯುತ್ತದೆ, ಕೋಡ್ ಮಾತ್ರ ಬರುವುದಿಲ್ಲ. ಕೆಲವು ಕಂಪನಿಗಳ ವೈಫೈ ಕಾಲಿಂಗ್‌ನಲ್ಲಿ ಎಸ್‌ಎಂಎಸ್ ಕೂಡ ವೈಫೈ ಮೂಲಕ ಬರುತ್ತದೆ, ಆದರೆ ಹೊರದೇಶದಿಂದ ಅದನ್ನು ಬಳಸಲು ಬಿಡದ ಕಂಪನಿಗಳೂ ಇವೆ. ಅವರ ಕಂಪನಿ ಬಿಡುತ್ತಿರಲಿಲ್ಲ. ಇಂಥಲ್ಲಿ ಯಾವ ನಂಬರನ್ನು ಆರಿಸಿದರೂ ಪ್ರಯೋಜನವಿಲ್ಲ, ಮತ್ತು ಪ್ರಯಾಣ ಮಾಡುವವರಿಗೆ ನಾನು ಅಥೆಂಟಿಕೇಟರ್ ಆ್ಯಪನ್ನು ಹೇಳುವುದು ಈ ಕಾರಣಕ್ಕೇ. ನೋಂದಾಯಿಸುವಾಗ ಕ್ಯೂಆರ್ ಸಂಕೇತದ ಮೂಲಕ ಒಂದು ಗುಟ್ಟಿನ ಕೀಲಿ ನಿಮ್ಮ ಫೋನಿಗೆ ಬರುತ್ತದೆ. ಆ ಕೀಲಿಯನ್ನೂ ಆ ಹೊತ್ತಿನ ಸಮಯವನ್ನೂ ಸೇರಿಸಿ ಫೋನ್ ತಾನೇ ಲೆಕ್ಕ ಹಾಕಿ ಸಾಮಾನ್ಯವಾಗಿ ಪ್ರತಿ 30 ಸೆಕೆಂಡಿಗೊಂದು ಆರಂಕಿಯ ಕೋಡ್ ತೋರಿಸುತ್ತದೆ. ಸಿಮ್, ಜಾಲ, ಇಂಟರ್ನೆಟ್ ಯಾವುದೂ ಬೇಡ. ಗಡಿಯಾರ ಮಾತ್ರ ಸರಿಯಿರಬೇಕು. ಈ ಲೆಕ್ಕ ನಡೆಯುವುದು ಜಾಗತಿಕ ಸಮಯದ ಮೇಲಾದ್ದರಿಂದ ಕಾಲವಲಯ ಬದಲಾದರೆ ತೊಂದರೆಯಿಲ್ಲ. ಆದರೆ ಕಾಲವಲಯವನ್ನು ಹಾಗೆಯೇ ಬಿಟ್ಟು ಗಂಟೆಯನ್ನು ಕೈಯಿಂದ ಮುಂದೆ ತಿರುಗಿಸಿದವರ ಕೋಡ್‌ಗಳೆಲ್ಲ ತಪ್ಪಾಗುತ್ತವೆ. ಸಮಯವನ್ನು ಸ್ವಯಂಚಾಲಿತಕ್ಕೆ ಬಿಟ್ಟರೆ ಸರಿಹೋಗುತ್ತದೆ. ಆ ಕೀಲಿಯ ಇನ್ನೊಂದು ಪ್ರತಿ ಮನೆಯಲ್ಲಿರುವ ಬೇರೆ ಸಾಧನದಲ್ಲಿಯೂ ಇರಲಿ, ಇಲ್ಲವಾದರೆ ಫೋನ್ ಹೋದೊಡನೆ ಅದೂ ಹೋಗುತ್ತದೆ.

ಹಾಗೆಂದು ನಂಬರನ್ನು ಕೈಬಿಡುವಂತಿಲ್ಲ, ಏಕೆಂದರೆ ಹಲವು ಬ್ಯಾಂಕುಗಳು ಎಸ್‌ಎಂಎಸ್ ಬಿಟ್ಟು ಬೇರೆಯದನ್ನು ಕೊಡುವುದಿಲ್ಲ, ಆಪಲ್ ಖಾತೆಯ ಎರಡು ಹಂತದ ಲಾಗಿನ್‌ಗೂ ನಂಬಿಕೆಯ ನಂಬರ್ ಒಂದಾದರೂ ಇರಲೇಬೇಕು. ಆದ್ದರಿಂದ ಆ ಒಂದು ಸಿಮ್ಮನ್ನು ಸ್ವಲ್ಪ ಜತನದಿಂದ ನೋಡಿಕೊಳ್ಳಿ. ಪ್ರೀಪೇಯ್ಡ್ ಆಗಿದ್ದರೆ ಎಷ್ಟು ದಿನ ಬಳಸದಿದ್ದರೆ ಅಥವಾ ರೀಚಾರ್ಜ್ ಮಾಡದಿದ್ದರೆ ಸಂಪರ್ಕ ನಿಲ್ಲುತ್ತದೆ ಎಂದು ಕಂಪನಿಯ ಷರತ್ತಿನಲ್ಲಿ ಓದಿ, ಅದಕ್ಕೆ ಎರಡು ವಾರ ಮೊದಲಿನ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಬರುವ ಎಸ್‌ಎಂಎಸ್ ಮಾತ್ರ ಬಳಕೆಯೆಂದು ಲೆಕ್ಕಕ್ಕೆ ಬಾರದಿರಬಹುದು. ಸಿಮ್ ಪಿನ್ ಹಾಕಿ. ಫೋನಿಗೆ ಎಷ್ಟೇ ಗಟ್ಟಿ ಬೀಗವಿದ್ದರೂ ಕದ್ದವರು ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ತಮ್ಮ ಫೋನಿಗೆ ಹಾಕಿಕೊಂಡರೆ ನಿಮ್ಮ ಕೋಡ್‌ಗಳು ಅಲ್ಲಿ ಬರುತ್ತವೆ. ಸಿಮ್ ಪಿನ್ ಇದ್ದರೆ ಮೂರು ತಪ್ಪು ಪ್ರಯತ್ನಗಳ ನಂತರ ಸಿಮ್ ಮುಚ್ಚಿಕೊಂಡು, ಅದನ್ನು ತೆರೆಯಲು ಕಂಪನಿ ಕೊಡುವ ಎಂಟಂಕಿಯ ಪಿಯುಕೆ ಸಂಖ್ಯೆಯನ್ನು ಕೇಳುತ್ತದೆ. ಆ ಪಿಯುಕೆಯನ್ನೂ ಬ್ಯಾಕಪ್ ಕೋಡ್‌ಗಳಿರುವ ಕಾಗದದಲ್ಲಿ ಬರೆದಿಡಿ, ಏಕೆಂದರೆ ಹತ್ತು ಸಲ ತಪ್ಪು ಪಿಯುಕೆ ಹಾಕಿದರೆ ಸಿಮ್ ಮತ್ತೆ ಬಳಕೆಗೆ ಬಾರದಂತೆ ಸತ್ತುಹೋಗುತ್ತದೆ.

ಹಳೆಯ ನಂಬರನ್ನು ಇ-ಸಿಮ್ ಮಾಡಿಸಬೇಕೇ ಎಂದು ನಿಮ್ಮಂಥವರು ಕೇಳುವುದುಂಟು. ಕಳ್ಳರ ಭಯಕ್ಕೆ ಇ-ಸಿಮ್ ಒಳ್ಳೆಯದು, ತೆಗೆಯಲು ಅಲ್ಲಿ ಏನೂ ಇರುವುದಿಲ್ಲ. ಆದರೆ ಫೋನ್ ನೀರಿಗೆ ಬಿದ್ದು ಪರದೆ ಸತ್ತರೆ ಪ್ಲಾಸ್ಟಿಕ್ ಸಿಮ್ಮನ್ನು ಯಾವ ಫೋನಿಗಾದರೂ ಹಾಕಿ ಹತ್ತು ನಿಮಿಷದಲ್ಲಿ ಕೋಡ್ ಪಡೆಯಬಹುದು. ಇ-ಸಿಮ್ ಆದರೆ ಹೊಸದನ್ನು ಕಂಪನಿಯಿಂದ ತರಿಸಬೇಕು, ಅದಕ್ಕೆ ಕಂಪನಿಯವರು ಅದೇ ನಂಬರಿಗೆ ಕೋಡ್ ಕಳಿಸುತ್ತೇವೆ ಎನ್ನಬಹುದು, ಇಲ್ಲವೇ ಖುದ್ದಾಗಿ ಬನ್ನಿ ಎನ್ನಬಹುದು. ದೂರದಲ್ಲಿ ದೀರ್ಘಕಾಲ ಇರುವವರಿಗೆ ನಾನು ಪ್ಲಾಸ್ಟಿಕ್ ಸಿಮ್ಮನ್ನೇ, ಪಿನ್ ಸಹಿತ, ಹೇಳುತ್ತೇನೆ. ಇ-ಸಿಮ್ ಜಾಗವನ್ನು ಪ್ರಯಾಣದ ಡೇಟಾಗೆ ಬಿಡಿ. ಆ ಹಡಗಿನ ಎಂಜಿನಿಯರ್ ಹೊರಡುವ ಹತ್ತು ದಿನ ಮೊದಲು ಈಗ ಒಂದು ಪರೀಕ್ಷೆ ಮಾಡುತ್ತಾರೆ: ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಇಮೇಲ್ ಖಾತೆಗೆ ಹೊಸದಾಗಿ ಲಾಗಿನ್ ಆಗಿ, ಮೊದಲ ಸಲ ಎಸ್‌ಎಂಎಸ್ ಕೋಡ್‌ನಿಂದ, ಎರಡನೆಯ ಸಲ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಆ್ಯಪಿನ ಕೋಡ್‌ನಿಂದ, ಮೂರನೆಯ ಸಲ ಕಾಗದದ ಕೋಡ್‌ನಿಂದ ಒಳಹೋಗಿ ನೋಡುತ್ತಾರೆ, ಮತ್ತು ಬಳಸಿದ ಆ ಒಂದು ಕೋಡನ್ನು ಪೆನ್ನಿನಿಂದ ಹೊಡೆದುಹಾಕುತ್ತಾರೆ.